ಎರಡು ಶೇಕಡಾ ಇಳಿದರೆ ಫೋನು ಕೂಗುತ್ತದೆ: ಮುಂಬೈ ಹೋಟೆಲಿನವರೊಬ್ಬರ ಬೆಲೆ ಅಲರ್ಟುಗಳ ಪ್ರಕರಣ

ನಾನು ಮುಂಬೈಯಲ್ಲಿ ಸಣ್ಣ ವ್ಯಾಪಾರಿಗಳ ತೆರಿಗೆ ಲೆಕ್ಕ ನೋಡುವವನು. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಹೇಳುವುದು ನನ್ನ ಕೆಲಸವಲ್ಲ, ಇಲ್ಲಿಯೂ ಹೇಳುವುದಿಲ್ಲ. ಈ ಪ್ರಕರಣ ನನ್ನ ಕಣ್ಣಿಗೆ ಬಿದ್ದದ್ದು ಬ್ರೋಕರ್ ಕೊಟ್ಟ ವಾರ್ಷಿಕ ವಹಿವಾಟು ಪಟ್ಟಿಯಲ್ಲಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಮತ್ತು ಬಡಾವಣೆಯನ್ನು ಬದಲಿಸಿದ್ದೇನೆ, ಷೇರುಗಳ ಗುರುತು ಸಿಗದಂತೆ ದರಗಳನ್ನೂ ಹೊಂದಿಸಿದ್ದೇನೆ. ಅಂಕಿಗಳ ನಡುವಿನ ಅನುಪಾತ ಮಾತ್ರ ಇದ್ದಂತೆಯೇ ಇದೆ.

ಹಿನ್ನೆಲೆ

ಅವರನ್ನು ಸುರೇಶ ಎಂದು ಕರೆಯೋಣ. ಊರು ಉಡುಪಿ ಕಡೆ. ಮಧ್ಯ ರೈಲ್ವೆಯ ಒಂದು ಉಪನಗರದಲ್ಲಿ ಇಪ್ಪತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದಾರೆ. ಗಲ್ಲಾದಲ್ಲಿ ಅವರು, ಅಡುಗೆಮನೆ ಮತ್ತು ಖರೀದಿಯ ಉಸ್ತುವಾರಿ ಹೆಂಡತಿ ಸುಮತಿಯವರದು. ಕೋವಿಡ್ ಕಾಲದಲ್ಲಿ ಹೋಟೆಲು ಮುಚ್ಚಿದ್ದಾಗ ಸುರೇಶ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ತೆರೆದರು. ಈಗ ಮೂರು ಕಂಪನಿಗಳ ಷೇರುಗಳಿವೆ: ಒಂದು ಖಾಸಗಿ ಬ್ಯಾಂಕು, ಸೋಪು–ಬಿಸ್ಕತ್ತಿನಂಥ ದಿನಬಳಕೆಯ ವಸ್ತು ತಯಾರಿಸುವ ಒಂದು ದೊಡ್ಡ ಕಂಪನಿ, ಪುಣೆಯ ಕಡೆಯ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿ. ಮೂರನ್ನೂ ಅವರು ಕೊಂಡದ್ದು ವರ್ಷಗಟ್ಟಲೆ ಇಟ್ಟುಕೊಳ್ಳಲೆಂದು.

ಟ್ರೇಡಿಂಗ್ ಆ್ಯಪಿನಲ್ಲಿ ಅಲರ್ಟ್ ಹಾಕುವುದನ್ನು ಯಾರೋ ತೋರಿಸಿಕೊಟ್ಟಿದ್ದರು. ಹಿಂದಿನ ದಿನದ ಮುಕ್ತಾಯ ದರಕ್ಕಿಂತ 2% ಇಳಿದರೂ ಏರಿದರೂ ತಿಳಿಸು ಎಂದು ಮೂರೂ ಷೇರಿಗೆ ಒಂದೇ ಮಿತಿ ಹಾಕಿದ್ದರು. 2% ಏಕೆ ಎಂದು ಕೇಳಿದೆ. "ಸಣ್ಣ ಅಂಕಿ ಹಾಕಿದರೆ ಬೇಗ ಗೊತ್ತಾಗುತ್ತದಲ್ಲ ಮಾರಾಯರೇ" ಎಂದರು. ಅವರ ಯೋಚನೆ ಅಷ್ಟೇ ಇತ್ತು, ಹೆಚ್ಚಿನವರದೂ ಅಷ್ಟೇ ಇರುತ್ತದೆ.

ಸುಮತಿಯವರ ಫೋನಿನಲ್ಲಿ ಅದೇ ಕಾಲಕ್ಕೆ ಇನ್ನೊಂದು ಅಲರ್ಟು ಕೂತಿತ್ತು. ಹೋಟೆಲಿನ ಹಳೆಯ ಡೀಪ್ ಫ್ರೀಜರ್ ಸರಿಯಾಗಿ ತಂಪು ಹಿಡಿಯುತ್ತಿರಲಿಲ್ಲ. ಸುಮಾರು 300 ಲೀಟರಿನ ಹೊಸದನ್ನು ಒಂದು ಶಾಪಿಂಗ್ ಆ್ಯಪಿನಲ್ಲಿ ಗುರುತಿಸಿ, ಬೆಲೆ ಇಳಿದರೆ ತಿಳಿಸು ಎಂಬ ಗುಂಡಿ ಒತ್ತಿದ್ದರು. ಈ ಎರಡು ಕತೆಗಳು ಬೇರೆ ಬೇರೆಯಾಗಿ ಕಂಡರೂ ಕೆಟ್ಟದ್ದು ಒಂದೇ ಜಾಗದಲ್ಲಿ.

ಪಟ್ಟಿಯಲ್ಲಿ ಕಂಡದ್ದು

ಬಂಡವಾಳ ಲಾಭದ ಲೆಕ್ಕಕ್ಕೆ ಅವರ ವಹಿವಾಟು ಪಟ್ಟಿ ತೆಗೆದಾಗ ಒಂದು ವಿಚಿತ್ರ ಕಂಡಿತು. ವರ್ಷಗಟ್ಟಲೆ ಇಟ್ಟುಕೊಳ್ಳುವವರ ಖಾತೆಯಲ್ಲಿ ಹನ್ನೊಂದು ಜೋಡಿ ವಹಿವಾಟುಗಳಿದ್ದವು. ಪ್ರತಿ ಜೋಡಿಯಲ್ಲೂ ಮೊದಲು ಮಾರಾಟ, ಒಂದೆರಡು ದಿನದಲ್ಲಿ ಅದೇ ಷೇರು ಅಷ್ಟೇ ಸಂಖ್ಯೆಯಲ್ಲಿ ಮತ್ತೆ ಖರೀದಿ. ಎಂಟು ಜೋಡಿಗಳಲ್ಲಿ ಕೊಂಡ ದರ ಮಾರಿದ ದರಕ್ಕಿಂತ ಮೇಲೆ. ಎಂಜಿನಿಯರಿಂಗ್ ಕಂಪನಿಯದ್ದೇ ಹೆಚ್ಚು, ಉಳಿದವು ಬ್ಯಾಂಕಿನವು. ದಿನಬಳಕೆ ವಸ್ತುಗಳ ಕಂಪನಿಯದು ಒಂದೂ ಇಲ್ಲ. ಮಾರಾಟದ ಸಮಯ ನೋಡಿದರೆ ಬಹುಪಾಲು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ನಡುವೆ, ಅಂದರೆ ಊಟದ ಗಿರಾಕಿಗಳು ಮುಗಿಬೀಳುವ ಹೊತ್ತು.

ಒಂದು ಜೋಡಿಯನ್ನು ಬಿಡಿಸಿ ನೋಡೋಣ. ಬ್ಯಾಂಕಿನ ಷೇರು ಹಿಂದಿನ ದಿನ 800ಕ್ಕೆ ಮುಗಿದಿತ್ತು. ಮರುದಿನ ಮಧ್ಯಾಹ್ನ 784 ಮುಟ್ಟಿದಾಗ ಫೋನು ಕೂಗಿತು. ಸುರೇಶ ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ ಇನ್ನೊಂದು ಕೈಯಲ್ಲಿ 200 ಷೇರು 783ಕ್ಕೆ ಮಾರಿದರು. ಅಂದಿನ ಕನಿಷ್ಠ ದರ 781, ದಿನ ಮುಗಿದದ್ದು 790ಕ್ಕೆ. ಅದರ ಮರುದಿನ ಷೇರು 2% ಏರಿ 806 ತಲುಪಿದಾಗ ಮತ್ತೆ ಅಲರ್ಟು. "ಕೈ ತಪ್ಪಿ ಹೋಗುತ್ತಿದೆ" ಎನ್ನಿಸಿ 806ಕ್ಕೆ ವಾಪಸು ಕೊಂಡರು. ಷೇರಿಗೆ 23 ರೂಪಾಯಿಯಂತೆ 4,600 ರೂಪಾಯಿ ಹೋಯಿತು. ಎರಡೂ ಕಡೆಯ 0.1% ವಹಿವಾಟು ತೆರಿಗೆ, ಸ್ಟ್ಯಾಂಪ್ ಶುಲ್ಕ, ಮಾರಿದಾಗ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ಕೊಡುವ ಡಿಪಿ ಶುಲ್ಕ ಸೇರಿದರೆ 5,000ದ ಹತ್ತಿರ. ಕಂಪನಿಯಲ್ಲಿ ಆ ಎರಡು ದಿನ ಯಾವ ಸುದ್ದಿಯೂ ಇರಲಿಲ್ಲ.

ಎರಡು ಕಡೆಗೂ ಒಂದೇ ಮಿತಿಯ ಅಲರ್ಟು ಹಾಕಿದರೆ ಹೀಗಾಗುವುದು ಸಹಜ. ಇಳಿದಾಗ ಬರುವ ಸದ್ದು ಮಾರು ಎನ್ನುತ್ತದೆ, ಏರಿದಾಗ ಬರುವ ಸದ್ದು ಕೊಳ್ಳು ಎನ್ನುತ್ತದೆ. ಕೆಳಗೆ ಮಾರಿ ಮೇಲೆ ಕೊಳ್ಳುವ ಯಂತ್ರವನ್ನು ಅವರು ತಮಗೆ ಗೊತ್ತಿಲ್ಲದೆ ಕಟ್ಟಿಕೊಂಡಿದ್ದರು.

ಕಣ್ಣಿಗೆ ಬೀಳದ ಇನ್ನೊಂದು ನಷ್ಟವಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಷೇರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ಅದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ 12.5%. ಅವಧಿಗೆ ಮುಂಚೆ ಮಾರಿದರೆ 20%, ಈ ವಿನಾಯಿತಿಯೂ ಇಲ್ಲ. ಮೂರು ವರ್ಷ ಇಟ್ಟಿದ್ದ ಷೇರನ್ನು ಮಾರಿ ಮರುದಿನವೇ ಅದೇ ಷೇರು ಕೊಂಡರೂ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಸುರೇಶರ ಬ್ಯಾಂಕ್ ಷೇರುಗಳೆಲ್ಲ ಹೀಗೆ ಹಳೆಯ ವಯಸ್ಸು ಕಳೆದುಕೊಂಡಿದ್ದವು. ಮುಂದೆ ಐದಾರು ತಿಂಗಳಲ್ಲಿ ಮಾರಿದ್ದಕ್ಕೆ 20% ಲೆಕ್ಕ ಹಾಕಬೇಕಾಯಿತು.

ಮೊದಲು ಮಾಡಿದ ಎರಡು ಪ್ರಯತ್ನ

ಪಟ್ಟಿ ತೋರಿಸಿದ ಮೇಲೆ ಅವರು ಮೊದಲು ಮಾಡಿದ್ದು ಆ್ಯಪಿನ ಎಲ್ಲ ನೋಟಿಫಿಕೇಶನ್ ಮುಚ್ಚಿದ್ದು. ನೆಮ್ಮದಿಯಾಯಿತು, ಆದರೆ ಆಗಾಗ ತಾವೇ ಆ್ಯಪ್ ತೆರೆದು ನೋಡುವುದು ಶುರುವಾಯಿತು. ಗಲ್ಲಾದಲ್ಲಿ ಕೂತವರಿಗೆ ಅದು ಅಲರ್ಟಿಗಿಂತ ಕೆಟ್ಟದ್ದು. ಹೆಂಡತಿಯೇ ಬೇಡವೆಂದರು.

ಆಮೇಲೆ ಮೂರಕ್ಕೂ 10% ಮಿತಿ ಹಾಕಿದರು. ಇದು ತಪ್ಪಿನ ಇನ್ನೊಂದು ತುದಿ. ದಿನಬಳಕೆ ವಸ್ತುಗಳ ಆ ದೊಡ್ಡ ಕಂಪನಿ ಒಂದೇ ದಿನದಲ್ಲಿ 10% ಇಳಿಯುವುದು ಬಲು ಅಪರೂಪ. ಒಂದೂವರೆ ತಿಂಗಳು ದಿನಕ್ಕೆ ಅರ್ಧ ಶೇಕಡಾದಂತೆ ಜಾರಿ 15% ಕೆಳಗೆ ಹೋದರೂ ಈ ಅಲರ್ಟು ಬಾಯಿ ಬಿಡುವುದಿಲ್ಲ, ಏಕೆಂದರೆ ಅದು ಪ್ರತಿ ದಿನವೂ ನಿನ್ನೆಯ ದರದಿಂದಲೇ ಅಳೆಯುತ್ತದೆ. ಶೇಕಡಾವಾರು ಅಲರ್ಟು ಯಾವ ದರದಿಂದ ಎಣಿಸುತ್ತಿದೆ ಎಂಬುದನ್ನು ಆ್ಯಪಿನಲ್ಲಿ ಓದಿಕೊಳ್ಳದೆ ಅಂಕಿ ಹಾಕುವುದರಲ್ಲಿ ಅರ್ಥವಿಲ್ಲ. ನಿನ್ನೆಯ ಮುಕ್ತಾಯವೋ, ಅಲರ್ಟು ಹಾಕಿದ ಕ್ಷಣದ ದರವೋ, ನೀವು ಕೊಂಡ ದರವೋ? ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಈ ನಡುವೆ ಒಂದು ಬೆಳಗ್ಗೆ ಒಂಬತ್ತೂಕಾಲಕ್ಕೆ ಅವರಿಂದ ಫೋನು: "ಅರ್ಧಕ್ಕೆ ಅರ್ಧ ಹೋಯಿತು!" ದಿನಬಳಕೆ ವಸ್ತುಗಳ ಕಂಪನಿಗೆ ಅವರು 1,150 ರೂಪಾಯಿಯ ಇನ್ನೊಂದು ಅಲರ್ಟು ಹಾಕಿದ್ದರು. ಹಿಂದಿನ ದಿನ 1,240 ಇದ್ದದ್ದು ಈಗ 620ರ ಆಸುಪಾಸು. ಮಾರುವ ಗುಂಡಿಯವರೆಗೆ ಹೋಗಿದ್ದರು. ದಿನದ ಬದಲಾವಣೆ ಎಷ್ಟು ಶೇಕಡಾ ತೋರಿಸುತ್ತಿದೆ ನೋಡಿ ಎಂದೆ. ಅದು ಅರ್ಧ ಶೇಕಡಾ ಕೂಡ ಇರಲಿಲ್ಲ. ಕಂಪನಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತ್ತು, ಅಂದಿನಿಂದ ದರ ಅರ್ಧ, ಷೇರು ದುಪ್ಪಟ್ಟು. ಹಿಂದಿನ ಮುಕ್ತಾಯ ದರವನ್ನು ವಿನಿಮಯ ಕೇಂದ್ರ ಸರಿಹೊಂದಿಸಿದ್ದರಿಂದ ಶೇಕಡಾ ಸರಿಯಾಗಿಯೇ ಇತ್ತು. ರೂಪಾಯಿಯಲ್ಲಿ ಹಾಕಿದ್ದ ಹಳೆಯ ಅಲರ್ಟಿಗೆ ಮಾತ್ರ ಇದು ಗೊತ್ತಿರಲಿಲ್ಲ. ಬೋನಸ್ ಷೇರುಗಳು ಇನ್ನೂ ಖಾತೆಗೆ ಬಂದಿರಲಿಲ್ಲವಾದ್ದರಿಂದ ಒಟ್ಟು ಮೌಲ್ಯವೂ ಅರ್ಧ ತೋರಿಸಿ ಹೆದರಿಸಿತ್ತು. ಬೋನಸ್ ಅಥವಾ ಷೇರು ವಿಭಜನೆಗೆ ತಕ್ಕಂತೆ ದರ ಬದಲಾಗುವ ದಿನವೇ ರೂಪಾಯಿ ಲೆಕ್ಕದ ಅಲರ್ಟುಗಳನ್ನು ಅಳಿಸಿ ಹೊಸದಾಗಿ ಹಾಕಬೇಕು. ಅರ್ಧ ದರದ ಅಲರ್ಟು ಬಂದರೆ ಮೊದಲು ನೋಡಬೇಕಾದದ್ದು ಶೇಕಡಾವನ್ನು.

ಅಲುಗಾಟ ಅಳೆದದ್ದು

ಒಂದು ಭಾನುವಾರ ಮಧ್ಯಾಹ್ನ, ಹೋಟೆಲಿನ ಹಿಂದಿನ ಮೇಜಿನ ಮೇಲೆ, ಬಿಲ್ ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. ಪ್ರತಿ ಷೇರಿಗೂ ಹಿಂದಿನ ಇಪ್ಪತ್ತು ವಹಿವಾಟು ದಿನಗಳ ಗರಿಷ್ಠ ಮತ್ತು ಕನಿಷ್ಠ ದರ ಬರೆದು ವ್ಯತ್ಯಾಸ ತೆಗೆದೆವು. ಬೆಳಗ್ಗೆ ಜಿಗಿದು ಅಥವಾ ಕುಸಿದು ತೆರೆದ ದಿನಗಳಲ್ಲಿ ಹಿಂದಿನ ಮುಕ್ತಾಯವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆವು. ಈ ವ್ಯತ್ಯಾಸಗಳ ಸರಾಸರಿಯನ್ನೇ ಚಾರ್ಟ್ ನೋಡುವವರು ಎಟಿಆರ್ ಎನ್ನುತ್ತಾರೆ, ಸಾಮಾನ್ಯವಾಗಿ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಹೆಚ್ಚಿನ ಟ್ರೇಡಿಂಗ್ ಆ್ಯಪುಗಳ ಚಾರ್ಟಿನಲ್ಲಿ ಒಂದು ಒತ್ತಿಗೆ ಸಿಗುತ್ತದೆ. ಕೈಯಲ್ಲಿ ಬರೆಸಿದ್ದು ಬೇಕೆಂದೇ. ಇಪ್ಪತ್ತು ದಿನದ ಏರಿಳಿತವನ್ನು ತಮ್ಮ ಕೈಯಿಂದ ಬರೆದವರಿಗೆ ಷೇರಿನ ಸ್ವಭಾವ ತಲೆಗೆ ಹತ್ತುತ್ತದೆ.

ಬ್ಯಾಂಕಿನ ಷೇರು ಏನೂ ಸುದ್ದಿಯಿಲ್ಲದ ದಿನವೂ ಸರಾಸರಿ 18 ರೂಪಾಯಿ ಓಡಾಡುತ್ತಿತ್ತು, 800ರ ಮೇಲೆ 2.25%. ದಿನಬಳಕೆ ವಸ್ತುಗಳ ಕಂಪನಿ 1.2%. ಎಂಜಿನಿಯರಿಂಗ್ ಕಂಪನಿ 420ರ ಮೇಲೆ 19 ರೂಪಾಯಿ, ಸುಮಾರು 4.5%. ಹನ್ನೊಂದು ಜೋಡಿಗಳು ಯಾವ ಷೇರಿನಲ್ಲಿ ಎಷ್ಟಿದ್ದವು ಎಂಬುದಕ್ಕೆ ವಿವರಣೆ ಇಲ್ಲೇ ಸಿಕ್ಕಿತು. 2% ಮಿತಿ ಎಂಜಿನಿಯರಿಂಗ್ ಕಂಪನಿಗೆ ದಿನನಿತ್ಯದ ಅಲುಗಾಟ, ಬ್ಯಾಂಕಿಗೆ ಸ್ವಲ್ಪ ಜೋರಾದ ದಿನ, ಮೂರನೆಯದಕ್ಕೆ ನಿಜವಾಗಿಯೂ ಅಪರೂಪದ ಸಂಗತಿ. ಒಂದೇ ಅಂಕಿ, ಮೂರು ಅರ್ಥ.

ಅಲರ್ಟು ಇಂದಿನ ದರದಿಂದ ಕನಿಷ್ಠ ಮೂರು ದಿನದ ಸರಾಸರಿ ಅಲುಗಾಟದಷ್ಟು ದೂರ ಇರಲಿ ಎಂದು ತೀರ್ಮಾನವಾಯಿತು. ಮೂರು ಎಂಬುದು ಶಾಸ್ತ್ರವೇನಲ್ಲ. ತಿಂಗಳಿಗೊಮ್ಮೆ ಆ್ಯಪ್ ನೋಡುವವರಿಗೆ ಸರಿಹೋಗುವ ಅಂದಾಜು, ದಿನದ ವಹಿವಾಟು ಮಾಡುವವರ ಲೆಕ್ಕ ಬೇರೆಯೇ. ಇದರಿಂದ ಗೊತ್ತಾಗುವುದು ಎಷ್ಟು ಹತ್ತಿರ ಹಾಕಬಾರದು ಎಂಬುದು ಮಾತ್ರ. ಎಲ್ಲಿ ಹಾಕಬೇಕು ಎಂಬುದು ಇನ್ನೊಂದು ಪ್ರಶ್ನೆಯಿಂದ ಬಂತು: ಯಾವ ದರದಲ್ಲಿ ನೀವು ನಿಜವಾಗಿ ಏನಾದರೂ ಮಾಡುತ್ತೀರಿ?

ಇಲ್ಲಿ ಸುರೇಶ ತುಂಬಾ ಹೊತ್ತು ಸುಮ್ಮನಾದರು. ಬ್ಯಾಂಕ್ ಷೇರಿಗೆ ಉತ್ತರ ಸುಲಭವಾಗಿ ಬಂತು. ಮಾರುವ ಯೋಚನೆಯೇ ಇಲ್ಲ, 740ಕ್ಕೆ ಸಿಕ್ಕರೆ ಇನ್ನಷ್ಟು ಕೊಳ್ಳುತ್ತೇನೆ ಎಂದರು. ಮೂರು ಅಲುಗಾಟ ಎಂದರೆ 54 ರೂಪಾಯಿ, ಅಂದರೆ 746. 740 ಅದರಾಚೆ ಇದೆ. ಅಲರ್ಟು 740ಕ್ಕೆ, ಕೊಳ್ಳಲು ನೆನಪಿಸುವುದಕ್ಕೆ. ಏರಿಕೆಯ ಅಲರ್ಟು ತೆಗೆದೇಬಿಟ್ಟೆವು, ಏರಿದಾಗ ಮಾಡುವ ಕೆಲಸ ಅವರಿಗೆ ಏನೂ ಇರಲಿಲ್ಲ. ದಿನಬಳಕೆ ವಸ್ತುಗಳ ಕಂಪನಿಗೆ ಎಷ್ಟು ಯೋಚಿಸಿದರೂ ದರ ಹೊಳೆಯಲಿಲ್ಲ. ಹಾಗಿದ್ದರೆ ಅಲರ್ಟೇ ಬೇಡ, ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ನೋಡಿದರೆ ಸಾಕು ಎಂದಾಯಿತು. ಎಂಜಿನಿಯರಿಂಗ್ ಕಂಪನಿಗೆ 420ರಿಂದ 57 ಕಳೆದರೆ 363. ಅವರು 360 ಎಂದರು, ಅದರ ಕೆಳಗೆ ಹೋದರೆ ಹೊರಬರುತ್ತೇನೆ ಎಂದರು.

ಈ 360ಕ್ಕೆ ಒಂದು ಷರತ್ತು ಸೇರಿತು. ಅಲರ್ಟು ಕೊನೆಯ ವಹಿವಾಟಿನ ದರವನ್ನು ನೋಡುತ್ತದೆ, ಒಂದೇ ಒಂದು ವಹಿವಾಟು 359.90ಕ್ಕೆ ನಡೆದರೂ ಕೂಗುತ್ತದೆ. ಆದ್ದರಿಂದ ಅಲರ್ಟು ಬಂದ ದಿನ ಏನೂ ಮಾಡುವುದಿಲ್ಲ. ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆ ಮುಕ್ತಾಯ 360ರ ಕೆಳಗಿದ್ದರೆ ಮಾತ್ರ ಮರುದಿನ ಮಾರುವುದು. ಗಲ್ಲಾದ ಗಡಿಬಿಡಿಯಲ್ಲಿ ಮಾರುವ ಅಭ್ಯಾಸವನ್ನು ತಡೆದದ್ದು ನಿಜವಾಗಿ ಈ ಸಾಲು. "ಹಾಗಾದರೆ ತನ್ನಷ್ಟಕ್ಕೆ ಮಾರಿಬಿಡುವ ಆರ್ಡರ್ ಹಾಕಬಹುದಲ್ಲ?" ಎಂದು ಕೇಳಿದರು. ಹಾಕಬಹುದು. ಆದರೆ ಅದು ಕ್ಷಣಿಕ ಕುಸಿತಕ್ಕೂ ಮಾರುತ್ತದೆ. ದರ ಮಿತಿಯನ್ನು ದಾಟಿ ಕೆಳಗೆ ತೆರೆದರೆ, ನಮೂದಿಸಿದ ದರಕ್ಕೆ ಕೊಳ್ಳುವವರಿಲ್ಲದೆ ಹಾಗೆಯೇ ನಿಂತುಹೋಗಲೂಬಹುದು. ಅವರು ಅಲರ್ಟೇ ಇರಲಿ ಎಂದರು.

ಫ್ರೀಜರಿನ ಲೆಕ್ಕ

ಸುಮತಿಯವರ ಆ್ಯಪಿನ ಗುಂಡಿಗೆ ಮಿತಿಯೇ ಇರಲಿಲ್ಲ. 27,490 ಇದ್ದದ್ದು 27,390 ಆದರೂ ಸಂದೇಶ. ಜೊತೆಗೆ "35% ಇಳಿಕೆ", "ಇನ್ನು ಎರಡೇ ಉಳಿದಿವೆ" ಎಂಬ ಸಾಲುಗಳು. ಆ 35% ಎಂಆರ್‌ಪಿ ಮೇಲಿನ ಲೆಕ್ಕ, ಎಂಆರ್‌ಪಿಗೆ ಆ ಫ್ರೀಜರನ್ನು ಯಾರೂ ಕೊಂಡಿರಲಾರರು. ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಆದರೂ ನಿಜವಾಗಿ ಎರಡೇ ಉಳಿದಿವೆಯೇ ಎಂದು ಕೊಳ್ಳುವವರು ಪರೀಕ್ಷಿಸುವುದು ಹೇಗೆ?

ಬೆಲೆಯ ಇತಿಹಾಸ ತೋರಿಸುವ ಒಂದು ತಾಣದಲ್ಲಿ ಅವರು ಆರು ತಿಂಗಳ ಗೆರೆ ನೋಡಿದರು. ಬೆಲೆ 26,500 ಮತ್ತು 28,500ರ ನಡುವೆ ಆಡುತ್ತಿತ್ತು, ಹಬ್ಬದ ಮಾರಾಟದಲ್ಲಿ ಒಮ್ಮೆ 24,990 ಮುಟ್ಟಿತ್ತು. ಮೊದಲು ಅವರು ಹಾಕಿದ್ದು 24,000. ಆ ಗೆರೆ ಎಂದೂ ಮುಟ್ಟದ ಅಂಕಿಯಾದ್ದರಿಂದ ಅದು ಬರೀ ಆಸೆ. ಒಂದು ಸಲ ಅಲರ್ಟು ಬಂದೇಬಿಟ್ಟಿತು, 23,900! ತೆರೆದು ನೋಡಿದರೆ ಅದೇ ಪುಟದಲ್ಲಿ ಆಯ್ಕೆಯಾಗಿದ್ದದ್ದು 200 ಲೀಟರಿನ ಗಾತ್ರ. ಮಾದರಿ ಸಂಖ್ಯೆ ಹೊಂದಿಸಿ ನೋಡುವ ಅಭ್ಯಾಸ ಅವರಿಗೆ ಇದ್ದದ್ದರಿಂದ ಎಡವಲಿಲ್ಲ.

ತಿರುವು ಬಂದದ್ದು ಅವರದೇ ಪ್ರಶ್ನೆಯಿಂದ: "ಅಲ್ಲ ಅಣ್ಣ, ಕಾಯುವುದಕ್ಕೂ ಖರ್ಚಾಗುತ್ತಿದೆಯಲ್ಲ?" ಹಳೆಯ ಫ್ರೀಜರ್ ಸೋತದ್ದರಿಂದ ದಿನಕ್ಕೆ ಸುಮಾರು 120 ರೂಪಾಯಿಯ ಮಂಜುಗಡ್ಡೆ ಹೊರಗಿನಿಂದ ತರುತ್ತಿದ್ದರು. 27,490ರಿಂದ ಅತಿ ಕಡಿಮೆ ಬೆಲೆ 24,990ಕ್ಕೆ ಕಾದರೆ ಉಳಿಯುವುದು 2,500. ಅದನ್ನು 120ರಿಂದ ಭಾಗಿಸಿದರೆ ಇಪ್ಪತ್ತೊಂದು ದಿನ. ಮೂರು ವಾರ ದಾಟಿದರೆ ಗೆದ್ದರೂ ಸೋತಂತೆಯೇ. ಹೋಟೆಲು 5% ಜಿಎಸ್‌ಟಿ ಪದ್ಧತಿಯಲ್ಲಿ ಇರುವುದರಿಂದ ಫ್ರೀಜರಿನ ಮೇಲೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ, ಪೂರ್ತಿ ಬೆಲೆಯೇ ಖರ್ಚು. ಅದೂ ಲೆಕ್ಕಕ್ಕೆ ಬಂತು.

ಆಮೇಲೆ ಅವರು ಮಿತಿಯನ್ನು 26,500ಕ್ಕೆ ತಂದರು, ಗೆರೆಯ ಕೆಳ ಅಂಚಿಗೆ. ಅಲರ್ಟು ನೋಡುವುದು ಪುಟದ ಮೇಲಿನ ಬೆಲೆಯನ್ನು ಮಾತ್ರ. ಬ್ಯಾಂಕ್ ಕಾರ್ಡಿನ ರಿಯಾಯಿತಿ, ಕೂಪನ್, ಹಳೆಯದನ್ನು ಕೊಟ್ಟರೆ ಸಿಗುವ ಮೊತ್ತ ಅದಕ್ಕೆ ಕಾಣುವುದಿಲ್ಲ. ತಮ್ಮ ಬಳಿ ಇರುವ ಕಾರ್ಡಿಗೆ ವಾರಾಂತ್ಯದಲ್ಲಿ 1,500 ರಿಯಾಯಿತಿ ಆಗಾಗ ಬರುತ್ತದೆ ಎಂಬುದು ಸುಮತಿಯವರಿಗೆ ಗೊತ್ತಿತ್ತು. ಎರಡನೇ ವಾರ 26,490ರ ಅಲರ್ಟು ಬಂತು. ಶನಿವಾರದವರೆಗೆ ಕಾದು ಕಾರ್ಡಿನಲ್ಲಿ 24,990ಕ್ಕೆ ಕೊಂಡರು. 24,000ದ ಅಲರ್ಟು ಹಾಗೆಯೇ ಇದ್ದಿದ್ದರೆ ಆ ವಾರವೂ ಮೌನವಾಗಿಯೇ ಇರುತ್ತಿತ್ತು.

ಆಮೇಲೆ ಆದದ್ದು

ಫೋನಿನಲ್ಲಿ ಎರಡು ಬದಲಾವಣೆ ಮಾಡಿದೆವು. ಆಂಡ್ರಾಯ್ಡಿನಲ್ಲಿ ಒಂದು ಆ್ಯಪಿನ ನೋಟಿಫಿಕೇಶನ್‌ಗಳನ್ನು ಬಗೆ ಬಗೆಯಾಗಿ ಮುಚ್ಚಬಹುದು, ಆ್ಯಪಿನವರು ವಿಂಗಡಿಸಿ ಕೊಟ್ಟಿದ್ದರೆ. ಬೆಲೆ ಅಲರ್ಟನ್ನು ಉಳಿಸಿ ಜಾಹೀರಾತಿನ ಬಗೆಯನ್ನು ಮುಚ್ಚಿದೆವು. ಇನ್ನೊಂದು ಬ್ಯಾಟರಿ ಉಳಿತಾಯದ ಸೆಟ್ಟಿಂಗ್. ಟ್ರೇಡಿಂಗ್ ಆ್ಯಪನ್ನು ಫೋನು ನಿದ್ದೆ ಮಾಡಿಸುತ್ತಿದ್ದರೆ ಅಲರ್ಟು ಮುಕ್ಕಾಲು ಗಂಟೆ ತಡವಾಗಿ ಬರುವುದುಂಟು. ಸಂದೇಶ ಬಂದ ಹೊತ್ತನ್ನೂ ಚಾರ್ಟಿನಲ್ಲಿ ಆ ದರ ಬಂದ ಹೊತ್ತನ್ನೂ ಹೋಲಿಸಿದರೆ ಇದು ಗೊತ್ತಾಗುತ್ತದೆ.

ಬ್ಯಾಂಕ್ ಷೇರಿನ ಅಲರ್ಟು ಮುಂದಿನ ತಿಂಗಳುಗಳಲ್ಲಿ ಒಮ್ಮೆಯೂ ಬರಲಿಲ್ಲ, ವಹಿವಾಟೂ ಆಗಲಿಲ್ಲ. ಎಂಜಿನಿಯರಿಂಗ್ ಕಂಪನಿಯ ಕತೆ ಅಷ್ಟು ಸುಲಲಿತವಾಗಿಲ್ಲ. ನಿಧಾನವಾಗಿ ಇಳಿಯುತ್ತ ಒಂದು ಶುಕ್ರವಾರ 371ಕ್ಕೆ ಮುಗಿಯಿತು. ಶನಿವಾರ ಫಲಿತಾಂಶ ಕೆಟ್ಟದಾಗಿ ಬಂತು. ಸೋಮವಾರ ತೆರೆದದ್ದೇ 338ಕ್ಕೆ. 360ರ ಅಲರ್ಟು 338ರಲ್ಲಿ ಕೂಗಿತು, ನಡುವಿನ ದರಗಳಲ್ಲಿ ಮಾರಲು ಅವಕಾಶವೇ ಇರಲಿಲ್ಲ. ಸುರೇಶ ಮಾತಿನಂತೆ ಸಂಜೆಯವರೆಗೆ ಕಾದರು. ಮುಕ್ತಾಯ 342. ಮಂಗಳವಾರ 339ಕ್ಕೆ ಮಾರಿದರು. ಒಂದೂವರೆ ತಿಂಗಳ ನಂತರ ಷೇರು 365ಕ್ಕೆ ವಾಪಸು ಬಂತು.

"ಹಳೆಯ ಹಾಗೆ ಇದ್ದರೆ ನಾನು ಮತ್ತೆ ಕೊಳ್ಳುತ್ತಿದ್ದೆ" ಎಂದರು. ಕೊಳ್ಳಲಿಲ್ಲ. 365ಕ್ಕೆ ಬಂದಾಗ ಅವರಿಗೆ ಅದು ತಿಳಿದದ್ದೂ ತಡವಾಗಿ, ಏಕೆಂದರೆ ಏರಿಕೆಯ ಅಲರ್ಟು ಇರಲಿಲ್ಲ. ಮಾರಿದ್ದು ಸರಿಯೇ ತಪ್ಪೇ ಎಂದು ನನ್ನನ್ನು ಕೇಳಿದರು. ಕಂಪನಿಯ ಲಾಭ ಕುಸಿದಿದೆ ಎಂಬ ಕಾರಣಕ್ಕೆ ಮಾರಿದ್ದರೆ ಸರಿ, ದರ ಕುಸಿಯಿತು ಎಂಬುದಕ್ಕೆ ಮಾತ್ರ ಮಾರಿದ್ದರೆ ನನಗೂ ಅನುಮಾನ ಎಂದೆ. ಅಲರ್ಟು ಬಂದ ದಿನ ಫಲಿತಾಂಶವನ್ನೂ ಓದುವುದು ಎಂದು ಆ ಷರತ್ತಿಗೆ ಇನ್ನೊಂದು ಸಾಲು ಸೇರಿಸಿಕೊಂಡರು. ಮಾರಿ ಬಂದ ಹಣ ಇನ್ನೂ ಬ್ಯಾಂಕಿನಲ್ಲಿದೆ. ಬ್ಯಾಂಕ್ ಷೇರಿಗೆ ಹಾಕಿದ್ದ 740ರ ಅಲರ್ಟನ್ನು ಹೊಸ ಏರಿಳಿತದ ಲೆಕ್ಕದಲ್ಲಿ 765ಕ್ಕೆ ಏರಿಸಬೇಕೇ ಎಂಬ ಚರ್ಚೆ ನಡೆಯುತ್ತಿದೆ. ಸುಮತಿಯವರು ಬೇಡ ಎನ್ನುತ್ತಾರೆ, ಏರಿಳಿತ ಬದಲಾಗಿದೆಯೇ ಹೊರತು ಕೊಳ್ಳುತ್ತೇನೆ ಎಂದ ದರ ಬದಲಾಗಿಲ್ಲವಲ್ಲ ಎಂದು.